ಕಿಟಕಿಯ ಫೋಟೋ ನೋಡಿ ಪರದೆ ಆರಿಸುವುದು: ಉದ್ದ, ಬಟ್ಟೆ, ಬಣ್ಣ

ಮನೆ ಒಂದೂರಲ್ಲಿ, ಮಗ ಇನ್ನೊಂದೂರಲ್ಲಿ, ಬಟ್ಟೆ ಅಂಗಡಿ ಮೂರನೇ ಊರಲ್ಲಿ. ಉಟ್ಕೂರ್, ಮಕ್ತಲ್, ಗದ್ವಾಲ ಕಡೆಯ ನಮ್ಮ ಬಹಳಷ್ಟು ಸದಸ್ಯರ ಮನೆಯ ಸ್ಥಿತಿ ಈಗ ಇದೇ. ಹೀಗಾಗಿ ಕಿಟಕಿಗೆ ಪರದೆ ಹಾಕಿಸಬೇಕೆಂದರೂ ಮೊದಲು ವಾಟ್ಸಾಪಿನಲ್ಲಿ ಒಂದು ಫೋಟೋ ಬರುತ್ತದೆ. ಆ ಫೋಟೋ ನೋಡಿ ಬಟ್ಟೆ ತರಿಸುತ್ತಾರೆ. ಬಟ್ಟೆ ಗಿಡ್ಡವಾಗುತ್ತದೆ, ಇಲ್ಲವೇ ಬಣ್ಣ ಬೇರೆ ಕಾಣುತ್ತದೆ. ಥಾನಿನಿಂದ ಕತ್ತರಿಸಿದ ಬಟ್ಟೆಯನ್ನು ಯಾವ ಅಂಗಡಿಯವನೂ ವಾಪಸ್ ತೆಗೆದುಕೊಳ್ಳುವುದಿಲ್ಲ. ಇದಕ್ಕೆ ಉಪಾಯ ಒಂದು ಬಿಳಿ ಎ4 ಕಾಗದ. ಅಳತೆಯನ್ನೂ ಅದೇ ಹೇಳುತ್ತದೆ, ಬಣ್ಣವನ್ನೂ ಅದೇ ಹೇಳುತ್ತದೆ.

ಉದಾಹರಣೆಗೆ ಉಟ್ಕೂರಿನ ಒಂದು ಮನೆಯನ್ನೇ ತೆಗೆದುಕೊಳ್ಳೋಣ. ಹಳೆಯ ಕಲ್ಲಿನ ಮನೆ, ದಪ್ಪ ಗೋಡೆ, ಕೆಳಗೆ ಶಹಾಬಾದ ಪರಸಿ. ಮಗ ಹೈದರಾಬಾದಿನಲ್ಲಿ. ತಾಯಿಗೆ ಕಣ್ಣಿನ ಪೊರೆ ಆಪರೇಷನ್ ಆಗಿದೆ. ಅವರು ಮಲಗುವ ಕೋಣೆಗೆ ಇರುವುದು ಪಡುವಣ ದಿಕ್ಕಿನ ಒಂದೇ ಕಿಟಕಿ. "ಮೂರು ಗಂಟಿ ಆತಂದ್ರ ಬೆಳಕು ಕಣ್ಣಾಗ ಸೂಜಿ ಚುಚ್ಚಿದಂಗ ಆಗ್ತದಪ್ಪಾ" ಎಂದು ಆ ತಾಯಿ ಫೋನಿನಲ್ಲಿ ಹೇಳಿದರು. ಮಗ ಒಂದು ಫೋಟೋ ಕಳಿಸಿ, "ಕಾಕಾ, ಎಷ್ಟು ಬಟ್ಟಿ ಬೇಕಾಗ್ತದ, ಮೆರೂನ್ ತರಸಲೇನು?" ಎಂದು ಕೇಳಿದ. ರಾತ್ರಿ ಬಲ್ಬಿನ ಬೆಳಕಿನಲ್ಲಿ, ಬಾಗಿಲಲ್ಲಿ ನಿಂತು ಓರೆಯಾಗಿ ತೆಗೆದ ಫೋಟೋ ಅದು. ಅದರಿಂದ ಏನನ್ನೂ ಹೇಳಲಾಗದು. ಮನೆಯಲ್ಲಿದ್ದ ಮೊಮ್ಮಗಳಿಗೆ ಮತ್ತೆ ತೆಗೆಯಲು ಹೇಳಿದೆವು.

ತೆಗೆಯುವ ರೀತಿ ಹೀಗೆ. ಎ4 ಕಾಗದವನ್ನು ಕಿಟಕಿಯ ಪಕ್ಕದ ಗೋಡೆಗೆ ಉದ್ದುದ್ದವಾಗಿ, ನೆಟ್ಟಗೆ ಅಂಟಿಸಬೇಕು. ಅದರ ಉದ್ದ 29.7 ಸೆಂ.ಮೀ., ಅಗಲ 21 ಸೆಂ.ಮೀ. (ಕಚೇರಿಯಲ್ಲಿ ರೀಮುಗಟ್ಟಲೆ ಎಣಿಸಿದವರಿಗೆ ಇದು ಬಾಯಿಪಾಠ. ಲೀಗಲ್ ಕಾಗದ ಬೇರೆ, ಉದ್ದ ಜಾಸ್ತಿ, ಅದನ್ನು ಅಂಟಿಸಬೇಡಿ.) ಆಮೇಲೆ ಕಿಟಕಿಯ ನೇರ ಎದುರಿಗೆ, ಎದುರಿನ ಗೋಡೆಗೆ ಬೆನ್ನು ಹಚ್ಚಿ ನಿಂತು, ಫೋನನ್ನು ಕಿಟಕಿಯ ನಡುಮಟ್ಟಕ್ಕೆ ಹಿಡಿದು ತೆಗೆಯಬೇಕು. ಹತ್ತಿರ ನಿಂತು 0.5x ಒತ್ತಿದರೆ ಇಡೀ ಕೋಣೆ ಹಿಡಿಸುತ್ತದೆ ನಿಜ, ಆದರೆ ಅಂಚುಗಳು ಎಳೆದಂತಾಗಿ ಅಳತೆ ಕೆಡುತ್ತದೆ. 1x ಇರಲಿ. ಮೇಲೆ ಸಜ್ಜದವರೆಗೆ, ಕೆಳಗೆ ನೆಲ ಕಾಣುವವರೆಗೆ, ಪಕ್ಕದಲ್ಲಿ ಒಂದೊಂದು ಮೊಳ ಗೋಡೆ ಬರಲಿ.

ಮೊಮ್ಮಗಳು ಕಾಗದವನ್ನು ಗೋಡೆಗೆ ಅಂಟಿಸದೆ ಕಿಟಕಿಯ ಕದಕ್ಕೇ ಅಂಟಿಸಿದ್ದಳು. ಹೊಸ ಮನೆಯ ತೆಳು ಗೋಡೆಯಲ್ಲಿ ಇದರಿಂದ ದೊಡ್ಡ ನಷ್ಟವಿಲ್ಲ. ನಮ್ಮ ಕಡೆಯ ಹಳೆ ಮನೆಗಳಲ್ಲಿ ಕದ ಗೋಡೆಯ ಒಳಮೈಯಿಂದ ಒಂದು ಅಡಿ ಹಿಂದಿರುತ್ತದೆ. ಹತ್ತು ಅಡಿ ದೂರದಿಂದ ಫೋಟೋ ತೆಗೆದರೆ ಹಿಂದಿರುವ ಕಾಗದ ಹತ್ತರಲ್ಲಿ ಒಂದು ಪಾಲಿನಷ್ಟು ಚಿಕ್ಕದಾಗಿ ಕಾಣುತ್ತದೆ. ಅದನ್ನೇ ಅಳತೆಗೋಲು ಮಾಡಿಕೊಂಡರೆ ಗೋಡೆಯ ಮೇಲಿನ ಎಲ್ಲ ಅಳತೆಗಳೂ ಅಷ್ಟು ಹೆಚ್ಚಿಗೆ ಬರುತ್ತವೆ. 150 ಸೆಂ.ಮೀ. ಇದ್ದದ್ದು 165 ಆಗುತ್ತದೆ. ಪರದೆಯ ಕಂಬಿ ಕೂಡುವುದು ಗೋಡೆಯ ಮೈಮೇಲೆ, ಆದ್ದರಿಂದ ಕಾಗದವೂ ಅಲ್ಲೇ ಇರಬೇಕು. ಮೂರನೇ ಫೋಟೋ ಸರಿಯಾಗಿ ಬಂತು.

ಅದನ್ನು ಜೆರಾಕ್ಸ್ ಅಂಗಡಿಯಲ್ಲಿ ದೊಡ್ಡದಾಗಿ ಪ್ರಿಂಟ್ ತೆಗೆಸಿ ಸ್ಕೇಲಿನಿಂದ ಅಳೆದೆವು. ಪ್ರಿಂಟಿನಲ್ಲಿ ಕಾಗದದ ಉದ್ದ 3.3 ಸೆಂ.ಮೀ. ಬಂತು. 29.7 ಅನ್ನು 3.3ರಿಂದ ಭಾಗಿಸಿದರೆ 9. ಅಂದರೆ ಪ್ರಿಂಟಿನ ಒಂದು ಸೆಂ.ಮೀ. ಗೋಡೆಯ ಮೇಲೆ 9 ಸೆಂ.ಮೀ. ನಂಬುವ ಮೊದಲು ಒಂದು ಪರೀಕ್ಷೆ ಇದೆ. ಕಾಗದದ ಅಗಲವನ್ನೂ ಅಳೆಯಿರಿ, ಅದು 2.3 ಬಂತು, ಅದನ್ನು 9ರಿಂದ ಗುಣಿಸಿದರೆ 21ರ ಹತ್ತಿರ ಬರುತ್ತದೆ, ಸರಿ. ಅಗಲ 2 ಅಥವಾ ಅದಕ್ಕಿಂತ ಕಡಿಮೆ ಬಂದಿದ್ದರೆ ಫೋಟೋ ಓರೆಯಿಂದ ತೆಗೆದದ್ದೆಂದು ತಿಳಿಯಬೇಕು. ಕಿಟಕಿಯ ಎರಡು ಬದಿಗಳು ಮೇಲಕ್ಕೆ ಹೋದಂತೆ ಒಂದಕ್ಕೊಂದು ಬಾಗಿದ್ದರೆ ಫೋನನ್ನು ಕೆಳಗಿನಿಂದ ಮೇಲಕ್ಕೆ ಎತ್ತಿ ಹಿಡಿದಿದ್ದಾರೆ ಎಂದರ್ಥ.

ಕಿಟಕಿಯ ಬಾಯಿ ಪ್ರಿಂಟಿನಲ್ಲಿ 12.2 ಅಗಲ, 13.4 ಎತ್ತರ. ಅಂದರೆ 110 ಮತ್ತು 121 ಸೆಂ.ಮೀ. ನೆಲದಿಂದ ಕಿಟಕಿ ಕಟ್ಟೆಗೆ 8.3, ಅಂದರೆ 75 ಸೆಂ.ಮೀ. ಇದೊಂದನ್ನು ಮಾತ್ರ ಮನೆಯಲ್ಲಿ ಟೇಪು ಹಿಡಿದು ನೋಡಲು ಹೇಳಿದೆವು. 76 ಬಂತು. ಒಳ್ಳೆ ಫೋಟೋದಲ್ಲೂ ಎರಡು ಮೂರು ಸೆಂ.ಮೀ. ಆಚೀಚೆ ಆಗುತ್ತದೆ. ಬಟ್ಟೆ ಕೊಳ್ಳಲು ಇಷ್ಟು ಸಾಕು, ಕೊನೆಯ ಹೊಲಿಗೆಗೆ ಸಾಲದು.

ಇನ್ನು ಉದ್ದ. ಕಂಬಿಯನ್ನು ಕಿಟಕಿಯ ಬಾಯಿಗಿಂತ 12 ಸೆಂ.ಮೀ. ಮೇಲೆ ಕೂಡಿಸಬೇಕು, ಇಲ್ಲದಿದ್ದರೆ ಮೇಲಿನ ಸಂದಿನಿಂದ ಬೆಳಕು ನುಗ್ಗುತ್ತದೆ. ಅಲ್ಲಿಗೆ ನೆಲದಿಂದ ಕಂಬಿಗೆ 208. ಕೆಳಗೆ ಎಲ್ಲಿಗೆ ನಿಲ್ಲಿಸಬೇಕು ಎಂಬುದನ್ನು ಕಿಟಕಿಗಿಂತ ಅದರ ಸುತ್ತಲಿನ ಸಾಮಾನು ಹೇಳುತ್ತದೆ. ನೆಲದವರೆಗೆ ಇಳಿಬಿಟ್ಟ ಪರದೆ ಚೆಂದ ಕಾಣುತ್ತದೆ. ಆದರೆ ಈ ಫೋಟೋದಲ್ಲಿ ಕಿಟಕಿಗೆ ಹತ್ತಿ ತಾಯಿಯವರ ಮಂಚ ಇತ್ತು, ಗಾದಿಯ ಮೇಲ್ಮೈ ನೆಲದಿಂದ 50 ಸೆಂ.ಮೀ. ಉದ್ದ ಪರದೆ ಹಾಕಿದರೆ ಅದು ಮಂಚ ಮತ್ತು ಗೋಡೆಯ ನಡುವೆ ಸಿಕ್ಕಿಕೊಳ್ಳುತ್ತದೆ, ಎಳೆದಾಗ ಹರಿಯುತ್ತದೆ. ಕಟ್ಟೆಯ ಮಟ್ಟಕ್ಕೇ ನಿಲ್ಲಿಸಿದರೆ ಗಾಳಿಗೆ ಬಟ್ಟೆ ಹಾರಿ, ಮಲಗಿದವರ ಮುಖಕ್ಕೇ ಬಿಸಿಲು ಬೀಳುತ್ತದೆ. ಆದ್ದರಿಂದ ಕಟ್ಟೆಗಿಂತ 15 ಕೆಳಗೆ, ಗಾದಿಗಿಂತ 10 ಮೇಲೆ, ಅಂದರೆ ನೆಲದಿಂದ 60ಕ್ಕೆ ನಿಲ್ಲಿಸಿದೆವು. 208ರಲ್ಲಿ 60 ಕಳೆದರೆ ಪರದೆಯ ಉದ್ದ 148. ಮೇಲಿನ ಮಡಿಕೆಗೆ 8, ಕೆಳಗಿನ ಮಡಿಕೆಗೆ 10, ಹತ್ತಿ ಬಟ್ಟೆ ನೀರಲ್ಲಿ ಕುಗ್ಗುವುದಕ್ಕೆ ನೂರಕ್ಕೆ ಐದರಂತೆ ಸುಮಾರು 8 ಸೇರಿಸಿ 175 ಎಂದು ಹಿಡಿದೆವು.

ಅಗಲಕ್ಕೆ ಕಿಟಕಿಯ ಎರಡೂ ಪಕ್ಕ 15 ಹೆಚ್ಚಿಗೆ ಬಿಟ್ಟು ಕಂಬಿ 140 ಸೆಂ.ಮೀ. ಬಟ್ಟೆ ಕಂಬಿಯಷ್ಟೇ ಅಗಲವಿದ್ದರೆ ಹಾಸಿದ ಚಾದರದಂತೆ ಕಾಣುತ್ತದೆ. ನೆರಿಗೆ ಬೀಳಬೇಕಾದರೆ ದಪ್ಪ ಬಟ್ಟೆಗೆ ಒಂದೂವರೆ ಪಟ್ಟು, ತೆಳು ಬಟ್ಟೆಗೆ ಎರಡು ಪಟ್ಟು ಬೇಕು. 48 ಇಂಚು ಪನ್ನದ ಎರಡು ತುಂಡು ಸೇರಿದರೆ 244 ಸೆಂ.ಮೀ., ಕಂಬಿಯ ಒಂದೂಮುಕ್ಕಾಲು ಪಟ್ಟಿನ ಹತ್ತಿರ. ಎರಡು ತುಂಡಿಗೆ ಮೂರೂವರೆ ಮೀಟರ್.

ಇಲ್ಲಿ ಆ ತಾಯಿ ಒಂದು ಮಾತು ಕೇಳಿದರು: "ಪೆಟ್ಟಿಗ್ಯಾಗ ಹಳೀ ಸೀರಿ ಅದಾವ, ಅವನ್ನ ಹಾಕಿದ್ರ ಆಗಂಗಿಲ್ಲೇನು?" ಐದೂವರೆ ಮೀಟರಿನ ಸೀರೆಯಲ್ಲಿ 175ರ ಮೂರು ತುಂಡು ಬರುತ್ತವೆ. ಅಂಚು ಪರದೆಯ ಎರಡು ಬದಿಗೆ ಉದ್ದಕ್ಕೆ ಬಂದು ಬಹಳ ಚೆಂದ ಕಾಣುತ್ತದೆ. ನಾರಾಯಣಪೇಟೆಯ ಹತ್ತಿ ಸೀರೆಯಾದರೆ ಮೂಡಣದ ಅಥವಾ ಬಡಗಣದ ಕಿಟಕಿಗೆ ಧಾರಾಳವಾಗಿ ಹಾಕಬಹುದು, ಮೊದಲು ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ಬಣ್ಣ ಬಿಡುತ್ತದೆಯೇ ನೋಡಿಕೊಂಡರೆ ಆಯಿತು. ಗದ್ವಾಲ ಸೀರೆಯದು ಬೇರೆ ಮಾತು. ಅದರ ಒಡಲು ಹತ್ತಿ, ಅಂಚು ಸೆರಗು ರೇಷ್ಮೆ. ಒಗೆದಾಗ ಒಡಲು ಕುಗ್ಗಿ ಅಂಚು ಸುಕ್ಕುಗಟ್ಟುತ್ತದೆ. ರೇಷ್ಮೆಗೆ ದಿನವೂ ಬಿಸಿಲು ಬಡಿದರೆ ಎಳೆ ಸಡಿಲಾಗಿ ಮುಟ್ಟಿದಲ್ಲಿ ಸೀಳುತ್ತದೆ. ಪಡುವಣ ಕಿಟಕಿಗೆ ಅದನ್ನು ಹಾಕುವುದೆಂದರೆ ಸೀರೆ ಕಳೆದುಕೊಂಡಂತೆ. ಅದು ಪೆಟ್ಟಿಗೆಯಲ್ಲೇ ಇರಲಿ ಎಂದೆವು.

ಬಟ್ಟೆಯ ವಿಷಯದಲ್ಲಿ ದಿಕ್ಕನ್ನು ಫೋಟೋ ತಾನಾಗಿ ಹೇಳುವುದಿಲ್ಲ. ಯಾವ ಹೊತ್ತಿಗೆ ನೆಲದ ಮೇಲೆ ಬಿಸಿಲಿನ ಚೌಕ ಬೀಳುತ್ತದೆ ಎಂದು ಕೇಳಬೇಕು. ಮಧ್ಯಾಹ್ನ ಮೂರರ ಮೇಲೆ ಅಂದರೆ ಪಡುವಣ. ಇಂಥ ಕಿಟಕಿಗೆ ದಟ್ಟ ನೇಯ್ಗೆಯ ಹತ್ತಿ, ಅದರ ಹಿಂದೆ ಬಿಳಿ ಹತ್ತಿ ಬಟ್ಟೆಯ ಲೈನಿಂಗ್. ಬಿಳಿ ಬಟ್ಟೆ ಬೆಳಕನ್ನು ಹೊರಕ್ಕೆ ತಿರುಗಿಸುತ್ತದೆ, ಮುಂದಿನ ಬಟ್ಟೆಯ ಬಣ್ಣವನ್ನೂ ಉಳಿಸುತ್ತದೆ. ನೇಯ್ಗೆ ದಟ್ಟವೇ ಎಂದು ತಿಳಿಯಲು ಅಂಗಡಿಯವನಿಗೆ ಬಟ್ಟೆಯ ಹಿಂದೆ ಮೊಬೈಲಿನ ಟಾರ್ಚ್ ಹಿಡಿದು ಫೋಟೋ ಕಳಿಸಲು ಹೇಳಿ. ಚುಕ್ಕೆ ಚುಕ್ಕೆಯಾಗಿ ಬೆಳಕು ತೂರಿ ಬಂದರೆ ಕಣ್ಣಿನ ತೊಂದರೆ ಇದ್ದವರ ಕೋಣೆಗೆ ಅದು ಬೇಡ. ಆದರೆ ಸೆಕೆ ಪರದೆಯಿಂದ ಪೂರ್ತಿ ಹೋಗುವುದಿಲ್ಲ, ಬಿಸಿಲು ಒಳಗೆ ಬಂದ ಮೇಲೆ ಪರದೆ ತಡೆಯುವುದು ಅಷ್ಟಕ್ಕಷ್ಟೆ. ಬೇಸಿಗೆಯಲ್ಲಿ ಹೊರಗಡೆಯಿಂದ ಬಿದಿರಿನ ಚಿಕ್ ಕಟ್ಟಿದರೆ ಅದರ ಗುಣವೇ ಬೇರೆ. ಫೋಟೋದ ಎಡಕ್ಕೆ ಗೋಡೆಯಲ್ಲಿ ದೀಪದ ಗೂಡೂ ಕಾಣುತ್ತಿತ್ತು. ಯಾವ ಬಟ್ಟೆಯಾದರೂ ಉರಿಯುತ್ತದೆ, ಪಾಲಿಯೆಸ್ಟರ್ ಕರಗಿ ಮೈಗೆ ಅಂಟಿಕೊಳ್ಳುತ್ತದೆ. ದೀಪವನ್ನು ಬೇರೆ ಗೋಡೆಗೆ ಸರಿಸಲು ಹೇಳಿದೆವು.

ಕೊನೆಗೆ ಬಣ್ಣ. ಫೋಟೋ ಹೆಚ್ಚು ಮೋಸ ಮಾಡುವುದು ಇಲ್ಲೇ. ಮಗ ಕಳಿಸಿದ ರಾತ್ರಿಯ ಫೋಟೋದಲ್ಲಿ ಗೋಡೆ ಕೆನೆಬಣ್ಣ, ಅದಕ್ಕೇ ಅವನು ಮೆರೂನ್ ಎಂದಿದ್ದ. ಬೆಳಿಗ್ಗೆ ದೀಪ ಆರಿಸಿ ತೆಗೆದ ಫೋಟೋದಲ್ಲಿ ಕಾಗದ ಬೆಳ್ಳಗಿತ್ತು, ಗೋಡೆ ತೆಳು ನೀಲಿ ಸುಣ್ಣ ಎಂದು ಗೊತ್ತಾಯಿತು. ಫೋಟೋದಲ್ಲಿ ಕಾಗದ ಹಳದಿಯಾಗಿ ಕಂಡರೆ ಎಲ್ಲವೂ ಅಷ್ಟು ಹಳದಿಯಾಗಿದೆ, ನೀಲಿಯಾಗಿ ಕಂಡರೆ ಎಲ್ಲವೂ ನೀಲಿಯಾಗಿದೆ ಎಂದು ತಿಳಿಯಬೇಕು. ಅಂಗಡಿಯವರಿಂದಲೂ ಬಟ್ಟೆಯನ್ನು ಬಿಳಿ ಕಾಗದದ ಮೇಲಿಟ್ಟು, ಬಾಗಿಲ ಬೆಳಕಿನಲ್ಲಿ ತೆಗೆದ ಫೋಟೋವನ್ನೇ ಕೇಳಿ. ಎರಡೂ ಫೋಟೋಗಳನ್ನು ಒಂದೇ ಫೋನಿನಲ್ಲಿ ನೋಡಿ, ರಾತ್ರಿ ಪರದೆ ಹಳದಿ ಮಾಡುವ ಸೆಟ್ಟಿಂಗ್ ಇದ್ದರೆ ಮೊದಲು ಅದನ್ನು ಆರಿಸಿ.

ಕೋಣೆಯಲ್ಲಿ ಬದಲಾಗದ ವಸ್ತುಗಳು ಯಾವುವು? ಇಲ್ಲಿ ಬೂದು ಪರಸಿ, ನೀಲಿ ಸುಣ್ಣ, ಸಾಗವಾನಿ ಕದ. ಮಂಚದ ಮೇಲೆ ಹತ್ತು ಬಣ್ಣದ ತುಂಡಿನ ಕೌದಿ ಬೇರೆ. ಕೌದಿ ಇದ್ದಲ್ಲಿ ಹೂಬಳ್ಳಿಯ ಪರದೆ ಹಾಕಿದರೆ ಕಣ್ಣಿಗೆ ಜಾತ್ರೆ. ಇನ್ನೊಂದು ಮಾತನ್ನು ಬಹಳ ಜನ ಮರೆಯುತ್ತಾರೆ. ಲೈನಿಂಗ್ ಇಲ್ಲದ ಕೆಂಪು ಪರದೆಯ ಮೂಲಕ ಸಂಜೆ ಬಿಸಿಲು ಬಂದರೆ ಇಡೀ ಕೋಣೆ ಕೆಂಪಾಗುತ್ತದೆ, ಹಸಿರಾದರೆ ಮನುಷ್ಯರ ಮುಖ ಕಾಯಿಲೆಯವರಂತೆ ಕಾಣುತ್ತದೆ. ಮೆರೂನ್ ಬಿಟ್ಟು ಗೋಧಿ ಬಣ್ಣದ ಸಾದಾ ಬಟ್ಟೆ ಆರಿಸಿದೆವು. ಕದಕ್ಕೆ ಹೊಂದುತ್ತದೆ, ಧೂಳು ಬೇಗ ಕಾಣುವುದಿಲ್ಲ. ತಾಯಿಗೆ ಅರಿಶಿಣ ಬಣ್ಣ ಬೇಕಿತ್ತು, ಕಟ್ಟುವ ಪಟ್ಟಿಗಳನ್ನು ಅದರಲ್ಲೇ ಮಾಡಿಸಿದರು.

ದರ್ಜಿಗೆ ಕೊಟ್ಟ ಚೀಟಿ ಇಷ್ಟೇ: ಮೊದಲು ಎರಡೂ ಬಟ್ಟೆ ನೀರಲ್ಲಿ ನೆನೆಸಿ ಒಣಗಿಸಿ ಇಸ್ತ್ರಿ ಮಾಡುವುದು, ತುಂಡು ಎರಡು, ಒಂದೊಂದು 69 ಇಂಚು, ಕಂಬಿ 55 ಇಂಚು, ಮೇಲಿನ ಹೊಲಿಗೆ ಮಾತ್ರ ಹಾಕಿ ಕೊಡುವುದು. ಪರದೆಯನ್ನು ಕಂಬಿಗೆ ಹಾಕಿ ಎರಡು ದಿನ ಜೋತುಬಿಟ್ಟರು. ಬಟ್ಟೆ ತನ್ನ ಭಾರಕ್ಕೆ ಇಳಿದ ಮೇಲೆ ಗಾದಿಯಿಂದ ನಾಲ್ಕು ಬೆರಳು ಮೇಲಕ್ಕೆ ಪಿನ್ನು ಚುಚ್ಚಿ ಗುರುತು ಮಾಡಿ, ಕೆಳಗಿನ ಮಡಿಕೆಯನ್ನು ಮನೆಯಲ್ಲೇ ಕೈಯಿಂದ ಹೊಲಿದರು.