ಕೊಡುವ ಚಾರ್ಜರ್, ಎಳೆದುಕೊಳ್ಳುವ ಕಾರು: ಬ್ರಿಟನ್ನಿನ ರಾತ್ರಿ ದರ ಮತ್ತು ಕಾರಿನೊಳಗಿನ ಗಡಿಯಾರ

ರಾತ್ರಿ ಬೇಡಿಕೆ ಇಳಿದಾಗ ವಿದ್ಯುತ್ತನ್ನು ಅಗ್ಗಕ್ಕೆ ಮಾರುವ ರೂಢಿ ಬ್ರಿಟನ್ನಿನಲ್ಲಿ ಹಳೆಯದು. ಏಳು ಗಂಟೆಗಳ ಅಗ್ಗದ ಅವಧಿಯುಳ್ಳ ‘ಇಕಾನಮಿ 7’ ದರ ಅಲ್ಲಿ ಬಂದದ್ದು 1978ರಲ್ಲಿ. ವಿದ್ಯುತ್ ಕಾರು ಇಟ್ಟವರಿಗಾಗಿ ಬಂದ ‘ಆಕ್ಟೋಪಸ್ ಗೋ’ದಂಥ ದರಗಳಲ್ಲಿ ಅಗ್ಗದ ಅವಧಿ ರಾತ್ರಿ 12.30ರಿಂದ ಬೆಳಗಿನ 5.30ರವರೆಗೆ. ಇದರಿಂದ ಮಾಲೀಕನಿಗೂ ಜಾಲಕ್ಕೂ ಲಾಭವಿದೆ ಎಂಬುದರಲ್ಲಿ ತಕರಾರಿಲ್ಲ. ತಕರಾರು ಇರುವುದು ಆ ಅವಧಿಯನ್ನು ಕಾಯುವ ಗಡಿಯಾರ ಎಲ್ಲಿರಬೇಕು ಎಂಬಲ್ಲಿ. ಬ್ರಿಟನ್ನಿನ 2021ರ ಸ್ಮಾರ್ಟ್ ಚಾರ್ಜ್ ಪಾಯಿಂಟ್ ನಿಯಮಾವಳಿ ಅದನ್ನು ಗೋಡೆಯ ಮೇಲಿನ ಚಾರ್ಜರಿನಲ್ಲಿ ಇಟ್ಟಿದೆ. ವಾರದ ದಿನಗಳಲ್ಲಿ ಬೆಳಗ್ಗೆ 8ರಿಂದ 11, ಸಂಜೆ 4ರಿಂದ ರಾತ್ರಿ 10ರ ಹೊತ್ತನ್ನು ಬಿಟ್ಟು ಚಾರ್ಜ್ ಮಾಡುವಂತೆ ಮೊದಲೇ ಹೊಂದಿಸಿದ ಚಾರ್ಜರನ್ನೇ ಮಾರಬೇಕು. ಬಳಕೆದಾರ ಬೇಕಾದರೆ ಅದನ್ನು ಬದಲಿಸಿಕೊಳ್ಳಬಹುದು. ಚಾರ್ಜರನ್ನು ಅಂಕೆಯಲ್ಲಿಟ್ಟರೆ ಚಾರ್ಜಿಂಗ್ ಅಂಕೆಗೆ ಬಂದಂತೆ ಎಂಬ ಈ ಊಹೆ ಅರ್ಧ ಮಾತ್ರ ಸರಿ ಎಂಬುದು ನನ್ನ ವಾದ.

ಇದಕ್ಕೆ ಆಧಾರ ತಂತಿಯಲ್ಲೇ ಇದೆ. ಮನೆಯಲ್ಲಿ ಬಳಸುವ ಎ.ಸಿ. ಚಾರ್ಜರ್ ನಿಜವಾಗಿ ಚಾರ್ಜ್ ಮಾಡುವ ಯಂತ್ರವಲ್ಲ, ಹೇಳಿ ಕೇಳಿ ತೆರೆಯುವ ಒಂದು ಸ್ವಿಚ್ಚು. ಬ್ಯಾಟರಿಗೆ ವಿದ್ಯುತ್ತನ್ನು ಹದಮಾಡಿ ತುಂಬುವ ಉಪಕರಣ ಕಾರಿನೊಳಗಿದೆ. ಇವೆರಡರ ನಡುವಿನ ಪೈಲಟ್ ತಂತಿಯಲ್ಲಿ ಚಾರ್ಜರ್ ‘ಇಷ್ಟು ಆಂಪಿಯರ್‌ವರೆಗೆ ಕೊಡಬಲ್ಲೆ’ ಎಂಬ ಸಂಕೇತ ಕಳಿಸುತ್ತದೆ. ಕಾರು ಜೋಡಣೆಯಾಗಿದೆ ಎನ್ನುವಾಗ ಆ ಸಂಕೇತದ ಮೇಲ್ಮಟ್ಟ 9 ವೋಲ್ಟ್. ಅದನ್ನು 6 ವೋಲ್ಟಿಗೆ ಇಳಿಸಿ ‘ಕೊಡು’ ಎನ್ನುವುದು ಕಾರು ಮಾತ್ರ. ಹಾಗೆ ಕೇಳಿದ ಮೇಲಷ್ಟೇ ಚಾರ್ಜರ್ ವಿದ್ಯುತ್ ಹರಿಸುತ್ತದೆ. ಅಂದರೆ ಚಾರ್ಜರ್ ತಡೆಯಬಲ್ಲದೇ ಹೊರತು ಒತ್ತಾಯಿಸಲಾರದು. ಎರಡೂ ಕಡೆ ವೇಳೆ ಹೊಂದಿಸಿದ್ದರೆ, ಎರಡೂ ಒಪ್ಪಿದ ಹೊತ್ತಿನಲ್ಲಷ್ಟೇ ಚಾರ್ಜ್ ಆಗುತ್ತದೆ. ಸಾಮಾನ್ಯ ಮೂರು ಪಿನ್ನಿನ ಕೇಬಲ್ಲಿಗಂತೂ ಈ ನಿಯಮಾವಳಿಯೇ ಅನ್ವಯಿಸುವುದಿಲ್ಲ. ಅಲ್ಲಿ ಇರುವುದು ಕಾರಿನ ಗಡಿಯಾರವೊಂದೇ.

ಆ ಗಡಿಯಾರ ಯಾವ ಬಗೆಯದು ಎಂಬುದು ಇನ್ನೂ ಮುಖ್ಯ. ಕೆಲವು ಸೆಟ್ಟಿಂಗುಗಳು ಶುರುವಿನ ಹೊತ್ತನ್ನು ಕೇಳುತ್ತವೆ, ಕೆಲವು ಹೊರಡುವ ಹೊತ್ತನ್ನು. 60 ಯೂನಿಟ್ಟಿನ ಬ್ಯಾಟರಿಯನ್ನು ಶೇ. 20ರಿಂದ 80ಕ್ಕೆ ಏರಿಸಬೇಕೆಂದುಕೊಳ್ಳೋಣ. ಬ್ಯಾಟರಿಗೆ ಸೇರಬೇಕಾದದ್ದು 36 ಯೂನಿಟ್, ದಾರಿಯಲ್ಲಿ ಶೇ. 10 ನಷ್ಟವೆಂದರೆ ಮೀಟರಿನಲ್ಲಿ 40. 230 ವೋಲ್ಟ್, 32 ಆಂಪಿಯರಿನಲ್ಲಿ ಗಂಟೆಗೆ ಸುಮಾರು 7.4 ಯೂನಿಟ್ ಸಿಗುವುದರಿಂದ ಐದು ಗಂಟೆ 26 ನಿಮಿಷ ಬೇಕು. 12.30ಕ್ಕೆ ಶುರುಮಾಡು ಎಂದರೆ ಕೊನೆಯ 26 ನಿಮಿಷ, ಅಂದರೆ ಸುಮಾರು 3 ಯೂನಿಟ್, ದುಬಾರಿ ಹೊತ್ತಿಗೆ ಬೀಳುತ್ತದೆ. ಅದೇ ‘ಬೆಳಗ್ಗೆ 7ಕ್ಕೆ ಸಿದ್ಧವಿರಲಿ’ ಎಂದಷ್ಟೇ ಹೇಳಿದರೆ, ಹಿಂದಕ್ಕೆ ಎಣಿಸುವ ಕಾರು 1.34ಕ್ಕೆ ಆರಂಭಿಸುತ್ತದೆ, ಅಗ್ಗದ ಮೊದಲ ಗಂಟೆ ವ್ಯರ್ಥವಾಗಿ, 5.30ರ ನಂತರ ಒಂದೂವರೆ ಗಂಟೆಯ ಸುಮಾರು 11 ಯೂನಿಟ್ ದುಬಾರಿ ದರಕ್ಕೆ ಹೋಗುತ್ತದೆ. ಅದೇ ಕಾರು, ಅದೇ ದರ, ಅದೇ ರಾತ್ರಿ. ಬದಲಾದದ್ದು ಪರದೆಯ ಮೇಲಿನ ಒಂದು ಆಯ್ಕೆ. ಅಗ್ಗದ ಅವಧಿಯ ಕೊನೆಯನ್ನು ಬೇರೆಯಾಗಿ ನಮೂದಿಸಲು ಬಿಡುವ ಕಾರುಗಳಿಗೆ ಈ ಲೆಕ್ಕ ಹೊಂದುವುದಿಲ್ಲ. ತಪ್ಪಿದ್ದರೆ ಪತ್ತೆಹಚ್ಚುವುದೂ ಕಷ್ಟವಲ್ಲ: ಸ್ಮಾರ್ಟ್ ಮೀಟರಿನ ಅರ್ಧಗಂಟೆಯ ದಾಖಲೆಯಲ್ಲಿ ಚಾರ್ಜಿಂಗ್ ಸುಮಾರು 3.7 ಯೂನಿಟ್ಟಿನ ಸಾಲಾಗಿ ಎದ್ದು ಕಾಣುತ್ತದೆ.

ಹಾಗಾದರೆ ಕಾರಿನ ವೇಳೆಯನ್ನು ಅಳಿಸಿ ಎಲ್ಲವನ್ನೂ ಚಾರ್ಜರಿಗೇ ಬಿಡಬಾರದೇಕೆ ಎಂಬ ಆಕ್ಷೇಪವಿದೆ. ಪೂರೈಕೆದಾರನೇ ರಾತ್ರಿಯುದ್ದಕ್ಕೂ ಹೊತ್ತು ಬದಲಿಸುವ ದರಗಳಲ್ಲಿ ಇದೇ ಸರಿಯೆಂದು ಒಪ್ಪುತ್ತೇನೆ. ಆದರೆ ಅಲ್ಲಿಯೂ ಮೊದಲ ಕೆಲಸ ಕಾರಿನ ಹಳೆಯ ವೇಳೆಯನ್ನು ಅಳಿಸುವುದೇ. ಅದು ಉಳಿದಿದ್ದರೆ ಚಾರ್ಜರ್ ಬಾಗಿಲು ತೆರೆದರೂ ಕಾರು ಕೇಳುವುದಿಲ್ಲ. ಅವಧಿ ಬದಲಾಗದ ದರಗಳಲ್ಲಿ ಮಾತ್ರ ಚಾರ್ಜರನ್ನು ಸದಾ ತೆರೆದಿಟ್ಟು ವೇಳೆಯನ್ನು ಕಾರಿನಲ್ಲಿ ಇಡುವುದು ಮೇಲು ಎನ್ನುವೆ. ಇದನ್ನು ಅಳುಕಿನಿಂದಲೇ ಹೇಳುತ್ತಿದ್ದೇನೆ. ಕಾರಿಗೆ ದರ ಗೊತ್ತಿಲ್ಲ. ಬೇಸಿಗೆಯಲ್ಲಿ ಕಾರಿನ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋದರೂ ಇಕಾನಮಿ 7ರ ಅನೇಕ ಹಳೆಯ ಮೀಟರುಗಳು ಗ್ರೀನಿಚ್ ಸಮಯದಲ್ಲೇ ನಿಲ್ಲುತ್ತವೆ. ಮಿಗಿಲಾಗಿ, ಸಾವಿರಾರು ಕಾರುಗಳು ಒಂದೇ ಕ್ಷಣಕ್ಕೆ ಎದ್ದು ಜಾಲಕ್ಕೆ ಹೊಡೆತ ಕೊಡದಿರಲೆಂದು ನಿಯಮಾವಳಿ ಚಾರ್ಜರಿನಲ್ಲಿ ಹತ್ತು ನಿಮಿಷದವರೆಗಿನ ಯಾದೃಚ್ಛಿಕ ವಿಳಂಬವನ್ನು ಕಡ್ಡಾಯ ಮಾಡಿದೆ. ಕೇಬಲ್ಲಿನಲ್ಲಿ ತನ್ನದೇ ಹೊತ್ತಿಗೆ ಏಳುವ ಕಾರಿಗೆ ಅಂಥ ಕಡ್ಡಾಯವಿಲ್ಲ.

ಈ ವಿಳಂಬವನ್ನು ಕಾರಿನೊಳಕ್ಕೆ ತರುವುದು ಹೇಗೆಂಬ ಪ್ರಶ್ನೆ ತೆರೆದೇ ಇದೆ. ಭಾರತದಲ್ಲಿ ಪ್ರಶ್ನೆ ಇನ್ನೊಂದು ರೂಪ ಪಡೆಯುತ್ತದೆ: ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳಿಗೆ 2023ರಲ್ಲಿ ಆದ ತಿದ್ದುಪಡಿ ದರ ಇಳಿಸಬೇಕೆಂದಿರುವುದು ರಾತ್ರಿಯಲ್ಲಲ್ಲ, ಬಿಸಿಲಿನ ಎಂಟು ಗಂಟೆಗಳಲ್ಲಿ.