ಅವಿಭಕ್ತ ಕುಟುಂಬದ ಆದಾಯ: ಪ್ಯಾನ್‌ಗಿಂತ ಮೊದಲು ಆಸ್ತಿಯ ಮೂಲ

ಆದಾಯ ತೆರಿಗೆಯ ಲೆಕ್ಕದಲ್ಲಿ ಹಿಂದೂ ಅವಿಭಕ್ತ ಕುಟುಂಬವೂ ಒಬ್ಬ ತೆರಿಗೆದಾರ. 1961ರ ಕಾಯಿದೆಯ 2(31)ನೇ ಕಲಮಿನಲ್ಲಿ ಅದಕ್ಕೆ ಬೇರೆಯದೇ ಸ್ಥಾನವಿದೆ. ಅದರದೇ ಪ್ಯಾನ್, ಅದರದೇ ವಿನಾಯಿತಿ ಮಿತಿ, ಅದರದೇ ಕಡಿತಗಳು. ತೆರಿಗೆ ಕಟ್ಟಿ ಉಳಿದ ಹಣವನ್ನು ಸದಸ್ಯರಿಗೆ ಹಂಚಿದರೆ 10(2)ನೇ ಕಲಮಿನಂತೆ ಅವರ ಮೇಲೆ ಮತ್ತೆ ತೆರಿಗೆ ಬೀಳುವುದಿಲ್ಲ. ಇಷ್ಟು ಬಹಳ ಜನರಿಗೆ ಗೊತ್ತು. ಆದರೆ ಯಾವ ಆದಾಯವನ್ನು ಕುಟುಂಬದ್ದೆಂದು ತೋರಿಸಬಹುದು ಎಂಬಲ್ಲೇ ತಪ್ಪುಗಳಾಗುತ್ತವೆ.

ಕುಟುಂಬ ಎಂದರೆ ಯಾರು ಎಂಬುದನ್ನು ನಮ್ಮ ನಾಡಿನಿಂದಲೇ ಹೋದ ಎರಡು ಮೊಕದ್ದಮೆಗಳು ತಿಳಿಯಾಗಿಸಿವೆ. ಗೌಳಿ ಬುದ್ದಣ್ಣ ಪ್ರಕರಣದಲ್ಲಿ ತಂದೆ ತೀರಿಕೊಂಡ ಮೇಲೆ ಉಳಿದವರು ಮಗ, ವಿಧವೆ ತಾಯಿ ಮತ್ತು ಮದುವೆಯಾಗದ ಅಕ್ಕತಂಗಿಯರು. ಗಂಡು ವಾರಸುದಾರ ತಾನೊಬ್ಬನೇ ಆದ್ದರಿಂದ ಆದಾಯ ತನ್ನ ವೈಯಕ್ತಿಕವೆಂದು ಮಗ ವಾದಿಸಿದ. ಸುಪ್ರೀಂ ಕೋರ್ಟ್ 1966ರಲ್ಲಿ ಅದನ್ನು ಒಪ್ಪಲಿಲ್ಲ. ತೆರಿಗೆಯ ಮಟ್ಟಿಗೆ ಕುಟುಂಬವಿರಲು ಇಬ್ಬರು ಗಂಡಸರು ಬೇಕಿಲ್ಲ, ಮನೆಯ ಹೆಂಗಸರೂ ಕುಟುಂಬವೇ ಎಂದಿತು. 1974ರ ಕೃಷ್ಣಪ್ರಸಾದ್ ಪ್ರಕರಣದಲ್ಲಿ ವಾದ ತಿರುವುಮುರುವಾಗಿತ್ತು. ಪಾಲಾಗಿ ಬಂದ ಆಸ್ತಿಯಿದ್ದ ಅವಿವಾಹಿತ ಯುವಕ ತನ್ನನ್ನು ಕುಟುಂಬವೆಂದು ಪರಿಗಣಿಸಬೇಕೆಂದ. ಒಬ್ಬನೇ ವ್ಯಕ್ತಿ ಕುಟುಂಬವಾಗಲಾರ ಎಂದು ನ್ಯಾಯಾಲಯ ಹೇಳಿತು.

ಜನರಿದ್ದರೆ ಸಾಲದು, ಆಸ್ತಿಯೂ ಕುಟುಂಬದ್ದೇ ಆಗಿರಬೇಕು. ದಾವಣಗೆರೆಯ ಬ್ಯಾಂಕ್ ಅಧಿಕಾರಿಯೊಬ್ಬರನ್ನು ಕಲ್ಪಿಸಿಕೊಳ್ಳೋಣ. 1998ರ ನೋಂದಾಯಿತ ಪಾಲುಪಟ್ಟಿಯಲ್ಲಿ ಅಜ್ಜನ ಕಾಲದ ಅಂಗಡಿ ಮಳಿಗೆ ಅವರ ಪಾಲಿಗೆ ಬಂದಿದೆ. ಹೆಂಡತಿ, ಮಗ, ಮಗಳು ಇದ್ದಾರೆ. ಮಳಿಗೆಯ ಬಾಡಿಗೆ ವರ್ಷಕ್ಕೆ 5 ಲಕ್ಷ. ಶೇ. 30ರ ಕಡಿತ ಕಳೆದರೆ 3.5 ಲಕ್ಷ. ಅವರ ಸಂಬಳದ ಆದಾಯ, ಪ್ರಮಾಣಿತ ಕಡಿತದ ನಂತರ, 14 ಲಕ್ಷ. 2025-26ರ ಹೊಸ ಪದ್ಧತಿಯಲ್ಲಿ ಸಂಬಳಕ್ಕಷ್ಟೇ ತೆರಿಗೆ 90,000 ರೂಪಾಯಿ. ಬಾಡಿಗೆಯನ್ನೂ ಸೇರಿಸಿದರೆ 1,50,000. ಶೇ. 4ರ ಸೆಸ್ ಸೇರಿ ವ್ಯತ್ಯಾಸ 62,400. ಬಾಡಿಗೆ ಕುಟುಂಬದ ಪ್ಯಾನ್‌ನಲ್ಲಿ ಬಂದರೆ 4 ಲಕ್ಷದ ವಿನಾಯಿತಿ ಮಿತಿಯೊಳಗೇ ಉಳಿದು ತೆರಿಗೆಯೇ ಇಲ್ಲ. ಇದು ನ್ಯಾಯವಾದ ಲಾಭ, ಏಕೆಂದರೆ ಆ ಮಳಿಗೆಯಲ್ಲಿ ಮಕ್ಕಳಿಗೆ ನಿಜಕ್ಕೂ ಹಕ್ಕಿದೆ.

ಅದೇ ಮಳಿಗೆ ತಂದೆಯ ಸ್ವಯಾರ್ಜಿತವಾಗಿದ್ದು, ಅವರು 2010ರಲ್ಲಿ ಉಯಿಲು ಬರೆಯದೆ ತೀರಿಕೊಂಡಿದ್ದರೆ? ಆಗ ಮಗನಿಗೆ ಅದು ಬರುವುದು ಹಿಂದೂ ಉತ್ತರಾಧಿಕಾರ ಕಾಯಿದೆಯ 8ನೇ ಕಲಮಿನಿಂದ. 1986ರ ಚಂದರ್ ಸೇನ್ ತೀರ್ಪಿನಂತೆ ಅದು ಮಗನ ವೈಯಕ್ತಿಕ ಆಸ್ತಿ, ಮೊಮ್ಮಕ್ಕಳಿಗೆ ಅದರಲ್ಲಿ ಹುಟ್ಟಿನ ಹಕ್ಕಿಲ್ಲ. ತಂದೆಯಿಂದ ಬಂದದ್ದೆಲ್ಲ ಪಿತ್ರಾರ್ಜಿತ ಎಂಬ ಮಾತು ಊರೂರಲ್ಲಿ ಕೇಳಿಬರುತ್ತದೆ. ನಾನು ಕಂಡ ತಪ್ಪು ಲೆಕ್ಕಗಳಲ್ಲಿ ಹೆಚ್ಚಿನವು ಆ ಮಾತಿನಿಂದಲೇ ಹುಟ್ಟಿದವು.

ಹಾಗಾದರೆ ಸ್ವಂತ ಆಸ್ತಿಯನ್ನೇ ಕುಟುಂಬಕ್ಕೆ ಸೇರಿಸಿಬಿಡಬಹುದಲ್ಲ? ಸೇರಿಸಬಹುದು. ಸದಸ್ಯನ ಉಡುಗೊರೆಗೆ ಕುಟುಂಬದ ಕೈಯಲ್ಲಿ ತೆರಿಗೆಯೂ ಇಲ್ಲ. ಆದರೆ 1969ರ ಡಿಸೆಂಬರ್ 31ರ ನಂತರ ಹೀಗೆ ಸೇರಿಸಿದ ಆಸ್ತಿಯಿಂದ ಬರುವ ಆದಾಯವನ್ನು 64(2)ನೇ ಕಲಮು ಮತ್ತೆ ಕೊಟ್ಟವನ ಲೆಕ್ಕಕ್ಕೇ ಕೂಡಿಸುತ್ತದೆ. ಮುಂದೆ ಪಾಲಾದರೂ ಹೆಂಡತಿಯ ಪಾಲಿನ ಆದಾಯ ಅವನಿಗೇ ಅಂಟಿಕೊಂಡಿರುತ್ತದೆ. ಹಾಗಾಗಿ ಕುಟುಂಬದ ಪ್ಯಾನ್ ಪಡೆಯುವ ಮೊದಲೇ ಆಸ್ತಿ ಬಂದ ಪತ್ರವನ್ನು ಓದಬೇಕು. ಅದು ಪಾಲುಪಟ್ಟಿಯೋ, ಉಯಿಲೋ, ಕ್ರಯಪತ್ರವೋ, ಬರಿಯ ವಾರಸಾ ಖಾತೆಯೋ ಎಂಬುದರ ಮೇಲೆ ಉತ್ತರ ನಿಂತಿದೆ. ಬಾಡಿಗೆದಾರ ಹಣ ಹಾಕುವುದೂ ಕುಟುಂಬದ ಖಾತೆಗೇ ಆಗಿರಬೇಕು, ಮೂಲದಲ್ಲಿ ತೆರಿಗೆ ಮುರಿಯುವುದಿದ್ದರೆ ಅದೂ ಕುಟುಂಬದ ಪ್ಯಾನ್‌ನಲ್ಲೇ. ಇಲ್ಲವಾದರೆ ಇಲಾಖೆಯ ದಾಖಲೆಯಲ್ಲಿ ಬಾಡಿಗೆ ಕರ್ತನ ಹೆಸರಿನಲ್ಲಿ ಕಾಣಿಸಿ ವಿವರಣೆ ಕೇಳುವ ನೋಟಿಸಿಗೆ ದಾರಿಯಾಗುತ್ತದೆ.

ಲೆಕ್ಕ ಯಾವಾಗಲೂ ಕುಟುಂಬದ ಪರವಾಗಿಯೇ ಬರುವುದೂ ಇಲ್ಲ. 87ಎ ಕಲಮಿನ ರಿಯಾಯಿತಿ ನಿವಾಸಿ ವ್ಯಕ್ತಿಗೆ ಮಾತ್ರ. ಬೇರೆ ಆದಾಯವಿಲ್ಲದ ವ್ಯಕ್ತಿಗೆ 10 ಲಕ್ಷ ನಿವ್ವಳ ಬಾಡಿಗೆ ಬಂದರೆ ಹೊಸ ಪದ್ಧತಿಯಲ್ಲಿ ತೆರಿಗೆ ಸೊನ್ನೆ. ಅದೇ ಹಣ ಕುಟುಂಬದ್ದಾದರೆ ಸೆಸ್ ಸೇರಿ 41,600 ಕಟ್ಟಬೇಕು. ಕುಟುಂಬದ್ದೇ ಆದ ಆದಾಯವನ್ನು ಈ ಕಾರಣಕ್ಕೆ ಕರ್ತನ ಹೆಸರಿಗೆ ಬರೆದುಕೊಳ್ಳುವಂತೆಯೂ ಇಲ್ಲ.

ಹೊರೆಯೆನಿಸಿದರೆ ಇರುವ ದಾರಿ ಪಾಲು ಮಾಡಿಕೊಳ್ಳುವುದು. ಆದರೆ 1978ರ ಡಿಸೆಂಬರ್ 31ರ ನಂತರದ ಭಾಗಶಃ ಪಾಲನ್ನು ತೆರಿಗೆ ಕಾನೂನು ಒಪ್ಪುವುದಿಲ್ಲ. ಒಂದು ಮಳಿಗೆಯನ್ನಷ್ಟೇ ಹಂಚಿಕೊಂಡು ಉಳಿದದ್ದನ್ನು ಕೂಡಿಟ್ಟರೆ ಹಂಚಿದ್ದರ ಆದಾಯವೂ ಕುಟುಂಬದ್ದಾಗಿಯೇ ಉಳಿಯುತ್ತದೆ. ಪೂರ್ಣ ಪಾಲಾದರೂ, ಈ ಹಿಂದೆ ಕುಟುಂಬವೆಂದು ತೆರಿಗೆ ನಿರ್ಧರಣೆಯಾಗಿದ್ದರೆ, 171ನೇ ಕಲಮಿನಡಿ ಅಧಿಕಾರಿ ವಿಚಾರಣೆ ನಡೆಸಿ ಅದನ್ನು ದಾಖಲಿಸುವವರೆಗೆ ಕಾನೂನಿನ ಕಣ್ಣಿಗೆ ಆ ಕುಟುಂಬ ಅವಿಭಕ್ತವೇ.