ಮನೆ ಮಗನದು, ಜಗಲಿ ತಾಯಿಯದು

ಬೀದರ್ ಜಿಲ್ಲೆಯ ಬಸವಕಲ್ಯಾಣ ಒಂದು ಕಾಲಕ್ಕೆ ಚಾಲುಕ್ಯ ವಿಕ್ರಮಾದಿತ್ಯನ ರಾಜಧಾನಿ. ಅವನ ಕಾಲದಲ್ಲಿ ಅಲ್ಲಿಯೇ ವಿಜ್ಞಾನೇಶ್ವರ ‘ಮಿತಾಕ್ಷರ’ವನ್ನು ಬರೆದ. ಬಂಗಾಳವೊಂದನ್ನು ಬಿಟ್ಟರೆ ದೇಶದ ಬಹುಭಾಗದ ಹಿಂದೂ ಕುಟುಂಬಗಳಲ್ಲಿ ಆಸ್ತಿ ಹಂಚಿಕೆಗೆ ಅದೇ ಆಧಾರವಾಯಿತು. ತಂದೆ ತೀರಿಕೊಂಡ ಮೇಲೆ ಮಕ್ಕಳು ಪಾಲಾದರೆ ತಾಯಿಗೂ ಒಬ್ಬ ಮಗನಷ್ಟೇ ಪಾಲು ಸಲ್ಲಬೇಕೆಂದು ಈ ಗ್ರಂಥ ಹೇಳುತ್ತದೆ. ವಿಚಿತ್ರವೆಂದರೆ, ಗ್ರಂಥ ಹುಟ್ಟಿದ ದಕ್ಷಿಣದಲ್ಲೇ ಈ ಮಾತು ರೂಢಿಯಿಂದ ಮರೆಯಾಯಿತು. ತಾಯಿಗೆ ಉಳಿದದ್ದು ಎರಡೇ: ಜೀವನಾಂಶ ಮತ್ತು ಮನೆಯಲ್ಲಿ ವಾಸದ ಹಕ್ಕು.

ಪಾಲಿಗೂ ಜೀವನಾಂಶಕ್ಕೂ ಇರುವ ಅಂತರ ಸಣ್ಣದಲ್ಲ. ಪಾಲು ಎಂದರೆ ಆಸ್ತಿ. ಜೀವನಾಂಶ ಎಂದರೆ ಆಸ್ತಿ ಇಟ್ಟುಕೊಂಡವನಿಂದ ಕೇಳಿ ಪಡೆಯಬೇಕಾದ ಅನ್ನ. ಕೊಡಲು ಮನಸ್ಸಿಲ್ಲದ ಮಗ ಕೋರ್ಟಿಗೆ ಹೋಗು ಎಂದಾನು. ಇಲ್ಲವೇ ಸದ್ದಿಲ್ಲದೆ ಮನೆಯನ್ನೇ ಮಾರಿಯಾನು.

ಅಂಥದೊಂದು ಮಾರಾಟದ ವ್ಯಾಜ್ಯ 1869ರಲ್ಲಿ ಕಲ್ಕತ್ತ ಹೈಕೋರ್ಟಿಗೆ ಬಂತು. ವಿಧವೆಯ ಹೆಸರು ಮಂಗಳಾದೇವಿ. ವಾರಸುದಾರ ಮಗ ಮನೆಯನ್ನು ಮಾರಿದ್ದ. ಕೊಂಡವನು ಆಕೆಯನ್ನು ಹೊರಗೆ ಕಳಿಸಬೇಕೆಂದು ನಿಂತ. ಬಂಗಾಳದ ಕಟ್ಟಳೆಯಲ್ಲಿ ಮಗ ಪೂರ್ಣ ಒಡೆಯ; ಕ್ರಯಕ್ಕೆ ಅಡ್ಡಿ ಏನು ಎನ್ನುವುದು ಅವನ ವಾದ. ಮುಖ್ಯ ನ್ಯಾಯಮೂರ್ತಿ ಬಾರ್ನ್ಸ್ ಪೀಕಾಕ್ ಅದನ್ನು ಒಪ್ಪಲಿಲ್ಲ. ವಾಸಕ್ಕೆ ತಕ್ಕ ಬೇರೆ ಜಾಗ ತೋರಿಸದೆ ತಾಯಿಯನ್ನು ಕುಟುಂಬದ ಮನೆಯಿಂದ ಎಬ್ಬಿಸಲು ಮಗನಿಗೇ ಹಕ್ಕಿಲ್ಲ. ಅವನಿಗೆ ಇಲ್ಲದ ಹಕ್ಕು ಅವನಿಂದ ಕೊಂಡವನಿಗೆ ಎಲ್ಲಿಂದ ಬಂದೀತು? ಬಂಗಾಳದ ಆಚೆಗೂ ಕೋರ್ಟುಗಳು ಈ ತತ್ವವನ್ನು ಹಿಡಿದವು.

ಆದರೆ ಇದಕ್ಕೆ ಬಿರುಕುಗಳೂ ಇದ್ದವು. ಗಂಡ ಕುಟುಂಬಕ್ಕಾಗಿ ಮಾಡಿದ ಸಾಲಕ್ಕೆ ಮನೆ ಹರಾಜಾದರೆ ವಿಧವೆಯ ವಾಸದ ಹಕ್ಕು ನಿಲ್ಲುತ್ತಿರಲಿಲ್ಲ. ಜೀವನಾಂಶದ ಹಕ್ಕಂತೂ ತಾನಾಗಿಯೇ ಆಸ್ತಿಗೆ ಅಂಟಿಕೊಳ್ಳದು; ಕೋರ್ಟಿನ ಡಿಕ್ರಿಯೋ, ಕರಾರುಪತ್ರವೋ ಅದನ್ನು ಆಸ್ತಿಯ ಮೇಲಿನ ಋಣಭಾರವಾಗಿ ಮಾಡಬೇಕು. ಅದಿಲ್ಲದಾಗ, ಹಣ ಕೊಟ್ಟು ಕೊಂಡವನಿಗೆ ಆಕೆಯ ಹಕ್ಕಿನ ಅರಿವಿತ್ತೇ ಎಂಬುದೇ ಪ್ರಶ್ನೆ. ಆದ್ದರಿಂದಲೇ ವಿಧವೆ ಆ ಮನೆಯಲ್ಲೇ ವಾಸವಿರುವುದಕ್ಕೆ ಅಷ್ಟು ಬೆಲೆ. ಒಳಗೆ ಒಲೆ ಉರಿಸುತ್ತಿರುವ ಹೆಂಗಸನ್ನು ಕಂಡೂ ‘ನನಗೆ ಗೊತ್ತಿರಲಿಲ್ಲ’ ಎನ್ನುವುದು ಖರೀದಿದಾರನಿಗೆ ಕಷ್ಟ. ಮಗಳ ಮನೆಗೆ ಹೋಗಿ ವರ್ಷಗಟ್ಟಲೆ ಉಳಿದ ತಾಯಿಗೆ ಈ ಸಾಕ್ಷ್ಯ ಕೈತಪ್ಪುತ್ತಿತ್ತು.

ಪಾಲಿನ ಮಾತಿಗೆ ಮರುಜೀವ ಕೊಟ್ಟದ್ದು ಮೈಸೂರು ಸಂಸ್ಥಾನ. ಅಲ್ಲಿನ 1933ರ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆಯ ಪ್ರಕಾರ, ಮಕ್ಕಳು ಪಾಲಾದಾಗ ತಾಯಿಗೆ ಒಬ್ಬ ಮಗನ ಪಾಲಿನ ಅರ್ಧ ಸಲ್ಲಬೇಕು. ಬ್ರಿಟಿಷ್ ಇಂಡಿಯಾದಲ್ಲಿ ಮಗನಷ್ಟೇ ಪಾಲು ಕೊಟ್ಟ ಕಾಯಿದೆ ಬಂದದ್ದು 1937ರಲ್ಲಿ. ಅದೂ ಆಕೆ ಬದುಕಿರುವವರೆಗಿನ ಸೀಮಿತ ಹಕ್ಕು.

ಲೆಕ್ಕ ಹಾಕಿ ನೋಡೋಣ. ಮೂವರು ಗಂಡುಮಕ್ಕಳು, ಒಬ್ಬ ತಾಯಿ. ಹಂಚಬೇಕಾದದ್ದು ಏಳು ಎಕರೆ ತೋಟ. ಮೈಸೂರು ಕಾಯಿದೆಯಂತೆ ಮಕ್ಕಳಿಗೆ ತಲಾ ಎರಡು ಎಕರೆ, ತಾಯಿಗೆ ಒಂದು. ಅದೇ ತೋಟ ತಂದೆಯ ಸ್ವಯಾರ್ಜಿತವಾಗಿದ್ದು, ಆತ ಉಯಿಲು ಬರೆಯದೆ 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ ನಂತರ ತೀರಿಕೊಂಡಿದ್ದರೆ ನಾಲ್ವರಿಗೂ ಸಮಪಾಲು: ತಲಾ ಒಂದೂಮುಕ್ಕಾಲು ಎಕರೆ. ತಾಯಿ ತನ್ನ ಪಾಲಿಗೆ ಪೂರ್ಣ ಒಡತಿ. ಹೆಣ್ಣುಮಕ್ಕಳಿದ್ದರೆ ಅವರಿಗೂ ಅಷ್ಟಷ್ಟೇ.

ಜೀವನಾಂಶದ ಹಕ್ಕು ಎಷ್ಟು ಗಟ್ಟಿ ಎಂಬುದನ್ನು ತೋರಿಸಿದ್ದು ನೆಲ್ಲೂರಿನ ತುಲಸಮ್ಮನ ಪ್ರಕರಣ. ಆಕೆಯ ಎದುರಾಳಿ ಮಗನಲ್ಲ, ಮೈದುನ. ಜೀವನಾಂಶದ ಬಾಬ್ತು ಆಕೆ ಬದುಕಿರುವವರೆಗೆ ಅನುಭವಿಸಲು ಮಾತ್ರ ರಾಜಿಯಲ್ಲಿ ಆಸ್ತಿ ಬಿಟ್ಟುಕೊಟ್ಟಿದ್ದರು. ಹಕ್ಕು ಮೊದಲೇ ಇತ್ತು, ಆಸ್ತಿ ಅದರ ಬದಲಿಗೆ ಬಂದದ್ದು. ಹಾಗಾಗಿ 1956ರ ಕಾಯಿದೆಯಂತೆ ಆಕೆ ಪೂರ್ಣ ಒಡತಿ ಎಂದು ಸುಪ್ರೀಂ ಕೋರ್ಟ್ 1977ರಲ್ಲಿ ಹೇಳಿತು.

ಈಗ ತಾಯಿ ಸೋಲುವುದು ಬಹುಮಟ್ಟಿಗೆ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ. ಖಾತೆ ಬದಲಾವಣೆಗೆ ಬರೀ ಒಂದು ಸಹಿ ಎಂದು ಮಕ್ಕಳು ಕರೆದೊಯ್ಯುತ್ತಾರೆ. ಕಾಗದ ಹಕ್ಕು ಬಿಡುಗಡೆ ಪತ್ರವೋ ದಾನಪತ್ರವೋ ಆಗಿರುತ್ತದೆ. ಅರವತ್ತು ತುಂಬಿದ ತಾಯಿ ಜೀವನಾಂಶಕ್ಕಾಗಿ 2007ರ ಹಿರಿಯ ನಾಗರಿಕರ ಕಾಯಿದೆಯಡಿ ನ್ಯಾಯಮಂಡಳಿಗೆ ಅರ್ಜಿ ಕೊಡಬಹುದು. ದಾನ ಮಾಡಿದ ಆಸ್ತಿಯನ್ನು ವಾಪಸು ಪಡೆಯಲೂ ಅದೇ ಕಾಯಿದೆಯಲ್ಲಿ ದಾರಿಯಿದೆ. ಆದರೆ ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆಯೇ ದಾನ ಕೊಟ್ಟದ್ದೆಂದು ತೋರಿಸಬೇಕು. ಆ ಷರತ್ತು ಪತ್ರದಲ್ಲೇ ಇದ್ದರೆ ವ್ಯಾಜ್ಯ ಅರ್ಧ ಮುಗಿದಂತೆ. ಬರೆಸುವವನು ಮಗನೇ ಆದ್ದರಿಂದ ಆ ಒಂದು ಸಾಲು ಅದರಲ್ಲಿ ಇರುವುದು ಅಪರೂಪ.